ವಜಾ, ತೆಗೆದುಹಾಕುವುದು, ಬಿಡುಗಡೆ: ಆದೇಶದ ಕರಡಿನಲ್ಲಿ ಪದಕೋಶವನ್ನು ಎಲ್ಲಿಯವರೆಗೆ ನೆಚ್ಚಬೇಕು?

ಪ್ರಶ್ನೆ: ನಾನು ಜಿಲ್ಲಾ ಮಟ್ಟದ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕ. ಶಿಸ್ತು ಪ್ರಕರಣವೊಂದರ ಅಂತಿಮ ಆದೇಶದ ಕರಡು ಬರೆಯುತ್ತಿದ್ದೇನೆ. ಟಿಪ್ಪಣಿ ಹಾಳೆಯಲ್ಲಿ ಸಾಹೇಬರು ಇಂಗ್ಲಿಷಿನಲ್ಲಿ ‘ರಿಮೂವಲ್ ಫ್ರಂ ಸರ್ವೀಸ್’ ಎಂದು ಬರೆದಿದ್ದಾರೆ. ಹಳೆಯ ಕಡತಗಳಲ್ಲಿ ಇಂಥ ಕಡೆಯೆಲ್ಲ ‘ಸೇವೆಯಿಂದ ವಜಾ’ ಎಂದಿದೆ. ಸಹೋದ್ಯೋಗಿಯೊಬ್ಬರು ‘ಬಿಡುಗಡೆ’ ಅಂದರೆ ಗೌರವವಾಗಿರುತ್ತದೆ ಎನ್ನುತ್ತಾರೆ. ಆಡಳಿತ ಪದಕೋಶ ತೆಗೆದರೆ ಒಂದೊಂದು ಪದಕ್ಕೆ ಎರಡು ಮೂರು ಕನ್ನಡ ಪದಗಳಿವೆ. ಸರ್ಕಾರದ ಪದಕೋಶವನ್ನೇ ಪ್ರಮಾಣವೆಂದು ಹಿಡಿಯಬೇಕೋ, ಕಚೇರಿಯ ರೂಢಿಯನ್ನೋ? ಹಲವು ಪದಗಳಿದ್ದರೆ ಯಾವುದನ್ನು ಆರಿಸಬೇಕು?

ಉತ್ತರ: ಈ ಆದೇಶದಲ್ಲಿ ‘ವಜಾ’ ಬೇಡ, ‘ಬಿಡುಗಡೆ’ಯಂತೂ ಬೇಡವೇ ಬೇಡ. ‘ಸೇವೆಯಿಂದ ತೆಗೆದುಹಾಕಲಾಗಿದೆ’ ಎಂದು ಬರೆಯಿರಿ. ರೂಢಿಗಿಂತ ಪದಕೋಶ ಮೇಲು, ಪದಕೋಶಕ್ಕಿಂತ ನಿಯಮದ ಪಾಠ ಮೇಲು. ಇಡೀ ಉತ್ತರ ಇಷ್ಟೇ. ಆದರೆ ಈ ಮೂರರ ನಡುವೆ ಯಾವುದು ಎಲ್ಲಿ ಸಲ್ಲುತ್ತದೆ ಎಂಬುದನ್ನು ನಿಮ್ಮ ಕರಡನ್ನೇ ಇಟ್ಟುಕೊಂಡು ನೋಡಿದರೆ ಮುಂದಿನ ಆದೇಶಗಳಿಗೂ ಅನುಕೂಲ.

ಮೊದಲು ದಂಡನೆಯ ಹೆಸರು. ನೀವು ಬರೆಯುತ್ತಿರುವ ಆದೇಶ ಕರ್ನಾಟಕ ನಾಗರಿಕ ಸೇವಾ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳು, 1957ರ ಕೆಳಗೆ ಬರುತ್ತದೆ. ಅದರ ನಿಯಮ 8ರಲ್ಲಿ ವಿಧಿಸಬಹುದಾದ ದಂಡನೆಗಳನ್ನು ಒಂದೊಂದಾಗಿ ಹೇಳಿದೆ. ಅಲ್ಲಿ ರಿಮೂವಲ್ ಬೇರೆ, ಡಿಸ್ಮಿಸಲ್ ಬೇರೆ. ಎರಡರಲ್ಲೂ ನೌಕರಿ ಹೋಗುತ್ತದೆ, ಎರಡಕ್ಕೂ ಸಂವಿಧಾನದ 311ನೇ ಅನುಚ್ಛೇದದ ರಕ್ಷಣೆ ಉಂಟು. ಆದರೆ ರಿಮೂವಲ್ ಆದವರು ಮುಂದೆ ಸರ್ಕಾರಿ ಉದ್ಯೋಗಕ್ಕೆ ಅನರ್ಹರಾಗುವುದಿಲ್ಲ ಎಂದು ನಿಯಮವೇ ಹೇಳುತ್ತದೆ. ಡಿಸ್ಮಿಸಲ್ ಆದವರು ಸಾಮಾನ್ಯವಾಗಿ ಅನರ್ಹರಾಗುತ್ತಾರೆ. ಆಡಳಿತ ಕನ್ನಡದಲ್ಲಿ ಡಿಸ್ಮಿಸಲ್‌ಗೆ ‘ವಜಾ’, ರಿಮೂವಲ್‌ಗೆ ‘ತೆಗೆದುಹಾಕುವುದು’ ಎಂಬ ಜೋಡಿ ನೆಲೆ ನಿಂತಿದೆ. ಹಾಗಾಗಿ ರಿಮೂವಲ್ ಎಂದು ತೀರ್ಮಾನವಾದ ಕಡತದಿಂದ ‘ವಜಾ’ ಎಂಬ ಆದೇಶ ಹೊರಬಿದ್ದರೆ, ಪ್ರಾಧಿಕಾರ ಕೊಡದೇ ಇದ್ದ ಭಾರವಾದ ದಂಡನೆಯನ್ನು ಕರಡು ಬರೆದವರು ಕೊಟ್ಟಂತಾಗುತ್ತದೆ. ಆ ನೌಕರ ಮುಂದೊಂದು ದಿನ ಬೇರೆ ಹುದ್ದೆಗೆ ಅರ್ಜಿ ಹಾಕಿದಾಗ ಅವರ ಕೈಯಲ್ಲಿರುವುದು ಟಿಪ್ಪಣಿ ಹಾಳೆಯಲ್ಲ, ಆದೇಶದ ಪ್ರತಿ.

ಹಳೆಯ ಕಡತಗಳಲ್ಲಿ ಎರಡಕ್ಕೂ ‘ವಜಾ’ ಬಂದಿರುವುದಕ್ಕೆ ಕಾರಣವಿದೆ. ಮಾತಿನ ಕನ್ನಡದಲ್ಲಿ ಕೆಲಸ ಹೋಯಿತು ಅನ್ನುವುದಕ್ಕೆಲ್ಲ ವಜಾ ಎಂದೇ ಹೇಳುತ್ತೇವೆ, ಪತ್ರಿಕೆಗಳೂ ಹಾಗೆಯೇ ಬರೆಯುತ್ತವೆ. ಆ ಪದಕ್ಕೆ ಬೇರೆ ಕೆಲಸಗಳೂ ಇವೆ: ನ್ಯಾಯಾಲಯದಲ್ಲಿ ಅರ್ಜಿ ವಜಾ ಆಗುತ್ತದೆ, ಲೆಕ್ಕದಲ್ಲಿ ಮುಂಗಡವನ್ನು ವಜಾ ಮಾಡಿ ಉಳಿದದ್ದನ್ನು ಕೊಡುತ್ತಾರೆ. ಇಷ್ಟು ಸಲೀಸಾಗಿ ಎಲ್ಲೆಡೆ ಓಡಾಡುವ ಪದ ಕೈಗೆ ಬೇಗ ಸಿಗುತ್ತದೆ, ಅದಕ್ಕೇ ತಪ್ಪು ಜಾಗದಲ್ಲೂ ಕೂರುತ್ತದೆ. ಹಿಂದಿನ ಆದೇಶವೊಂದನ್ನು ಮಾದರಿಯಾಗಿ ತೆಗೆದುಕೊಂಡು ಹೆಸರು, ದಿನಾಂಕ ಬದಲಿಸಿ ಹೊಸ ಆದೇಶ ಮಾಡುವ ಅಭ್ಯಾಸ ಇರುವಲ್ಲಿ ಒಂದು ತಪ್ಪು ಹತ್ತಾರು ಕಡತಗಳಿಗೆ ಇಳಿಯುತ್ತದೆ. ಹತ್ತು ಕಡತಗಳಲ್ಲಿ ಇದೆ ಎಂಬುದು ಆ ಪದ ಸರಿ ಎನ್ನುವುದಕ್ಕೆ ಸಾಕ್ಷಿಯಲ್ಲ, ಹತ್ತೂ ಒಂದೇ ಮಾದರಿಯಿಂದ ಬಂದಿರಬಹುದು.

ಇನ್ನು ನಿಮ್ಮ ಸಹೋದ್ಯೋಗಿಯ ಮಾತು. ‘ತೆಗೆದುಹಾಕು’ ಕಿವಿಗೆ ಒರಟು, ನಿಜ. ಆದರೆ ‘ಬಿಡುಗಡೆ’ಯನ್ನು ಸೇವಾ ವಿಷಯಗಳಲ್ಲಿ ಬೇರೆಯದಕ್ಕೆ ಬಳಸಿ ಆಗಿದೆ. ವರ್ಗಾವಣೆಯಾದವರನ್ನು ಹಳೆಯ ಕಚೇರಿಯಿಂದ ಬಿಡುಗಡೆ ಮಾಡುತ್ತಾರೆ. ಪರೀಕ್ಷಾರ್ಥ ಅವಧಿಯಲ್ಲಿರುವವರ ಕೆಲಸ ತೃಪ್ತಿಕರವಾಗಿಲ್ಲದಿದ್ದರೆ ಸೇವೆಯಿಂದ ಬಿಡುಗಡೆ ಮಾಡುತ್ತಾರೆ, ಅದು ದಂಡನೆಯೇ ಅಲ್ಲ. ಅನುದಾನವೂ ಬಿಡುಗಡೆಯಾಗುತ್ತದೆ. ವಿಚಾರಣೆ ನಡೆದು, ಆಪಾದನೆ ಸಾಬೀತಾಗಿ, ನಿಯಮ 8ರ ಕೆಳಗೆ ಹೊರಡುವ ಆದೇಶದಲ್ಲಿ ‘ಬಿಡುಗಡೆ’ ಎಂದು ಬರೆದರೆ ಅದು ದಂಡನೆಯೋ ಅಲ್ಲವೋ ಎಂಬ ಪ್ರಶ್ನೆಯನ್ನು ನಾವೇ ಹುಟ್ಟುಹಾಕಿದಂತೆ. ಆ ನೌಕರನಿಗೆ ತೋರಿಸಬೇಕಾದ ಗೌರವಕ್ಕೆ ‘ಶ್ರೀ’, ‘ಇವರನ್ನು’ ಎಂಬ ಬಹುವಚನ, ಆಪಾದನೆಯನ್ನು ವಿಶೇಷಣಗಳಿಲ್ಲದೆ ಹೇಳುವ ವಾಕ್ಯ ಇವೆಲ್ಲ ಇವೆ. ದಂಡನೆಯ ಹೆಸರಿನಲ್ಲಿ ಮೃದುತ್ವ ತರಲು ಹೋಗಬಾರದು.

ಈಗ ಪ್ರಮಾಣದ ಪ್ರಶ್ನೆಗೆ ಬರೋಣ. ಆಡಳಿತ ಪದಕೋಶಕ್ಕೆ ಅಧಿಕಾರ ಎಲ್ಲಿಂದ ಬರುತ್ತದೆ? ಅದರಲ್ಲಿರುವ ಪದಗಳು ಚೆನ್ನಾಗಿವೆ ಎಂಬುದರಿಂದಲ್ಲ. ಆದೇಶ ಬರೆಯುವವರೂ ಅದನ್ನು ಓದುವವರೂ ಒಂದೇ ಕೀಲಿಯನ್ನು ಇಟ್ಟುಕೊಂಡಿದ್ದಾರೆ ಎಂಬುದರಿಂದ. ನಿಮ್ಮ ಆದೇಶವನ್ನು ಪ್ರಶ್ನಿಸಿ ನೌಕರರು ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ ಹೋಗಬಹುದು, ಅಲ್ಲಿಂದ ಹೈಕೋರ್ಟಿಗೆ. ಹೈಕೋರ್ಟಿನ ಕಲಾಪ ಇಂಗ್ಲಿಷಿನಲ್ಲಿ. ಕನ್ನಡ ಆದೇಶಕ್ಕೆ ಇಂಗ್ಲಿಷ್ ಅನುವಾದ ಲಗತ್ತಿಸುತ್ತಾರೆ. ಅನುವಾದ ಮಾಡುವವರಿಗೆ ನಿಮ್ಮ ಟಿಪ್ಪಣಿ ಹಾಳೆ ಗೊತ್ತಿಲ್ಲ, ಅವರ ಮುಂದಿರುವುದು ನಿಮ್ಮ ಕನ್ನಡ ಪದ ಮತ್ತು ಒಂದು ಪದಕೋಶ. ನೀವು ‘ವಜಾ’ ಬರೆದಿದ್ದರೆ ಅವರು ಡಿಸ್ಮಿಸಲ್ ಎಂದೇ ಬರೆಯುತ್ತಾರೆ, ಬರೆಯಲೂಬೇಕು. ಹೀಗೆ ಕನ್ನಡಕ್ಕೆ ಹೋದ ಪದ ಹೊರಟ ಜಾಗಕ್ಕೇ ಹಿಂದಿರುಗಿ ಬರುತ್ತದೆಯೇ ಎಂದು ನೋಡುವುದು ಪದ ಆರಿಸುವಾಗಿನ ಅತ್ಯಂತ ಒಳ್ಳೆಯ ಪರೀಕ್ಷೆ.

ಆದರೆ ಪದಕೋಶಕ್ಕೂ ಒಂದು ಮಿತಿ. ಒಂದು ಪದ ಯಾವ ನಿಯಮದಿಂದ ಬಂದಿದೆಯೋ ಆ ನಿಯಮದ ಕನ್ನಡ ಪಾಠ ರಾಜ್ಯಪತ್ರದಲ್ಲಿ ಪ್ರಕಟವಾಗಿದ್ದರೆ ಅಲ್ಲಿರುವ ಪದವೇ ಅಂತಿಮ, ಪದಕೋಶದಲ್ಲಿ ಅದಕ್ಕಿಂತ ಚಂದದ ಪದ ಇದ್ದರೂ. ನಿಯಮದ ಪರಿಭಾಷೆಯ ಭಾಗದಲ್ಲಿ ಒಂದು ಪದಕ್ಕೆ ಅರ್ಥ ಕಟ್ಟಿಕೊಟ್ಟಿದ್ದರೆ ಆ ಅರ್ಥ ಆ ನಿಯಮದ ಮಟ್ಟಿಗೆ ನಿಂತುಬಿಡುತ್ತದೆ. ಪದಕೋಶ ಇದನ್ನು ಅಳಿಸಲಾರದು. ಆಮೇಲೆ ಕಾನೂನಿನ ಪದಗಳಿಗೆ ಕಾನೂನು ಪದಕೋಶ, ಕಚೇರಿ ವ್ಯವಹಾರದ ಪದಗಳಿಗೆ ಆಡಳಿತ ಪದಕೋಶ. ಈ ಎರಡರಲ್ಲೂ ಸಿಗದಿದ್ದರೆ ಮಾತ್ರ ನಿಮ್ಮ ಇಲಾಖೆಯ ಸುತ್ತೋಲೆಗಳ ರೂಢಿ. ಸಾಮಾನ್ಯ ಇಂಗ್ಲಿಷ್-ಕನ್ನಡ ನಿಘಂಟು ಕೊನೆಯದು. ಅದು ಅರ್ಥ ತಿಳಿಸಲು ಇರುವುದೇ ಹೊರತು ಪದ ಗೊತ್ತುಪಡಿಸಲು ಅಲ್ಲ.

ಈ ವ್ಯತ್ಯಾಸ ಎದ್ದು ಕಾಣುವ ಒಂದು ಪದ ‘ಫಾರಿನ್ ಸರ್ವೀಸ್’. ಸಾಮಾನ್ಯ ನಿಘಂಟು ಹಿಡಿದು ಹೊರಟರೆ ‘ವಿದೇಶಿ ಸೇವೆ’ ಬರುತ್ತದೆ. ಸೇವಾ ನಿಯಮಗಳಲ್ಲಿ ಅದರ ಅರ್ಥ, ಸರ್ಕಾರದ ಸಂಚಿತ ನಿಧಿಯಿಂದಲ್ಲದೆ ಬೇರೆ ಮೂಲದಿಂದ ಸಂಬಳ ಪಡೆಯುವ ಸೇವೆ. ಇಲಾಖೆಯ ನೌಕರರೊಬ್ಬರು ಅದೇ ಊರಿನ ನಿಗಮಕ್ಕೆ ನಿಯೋಜನೆ ಮೇಲೆ ಹೋದರೂ ಅದು ಫಾರಿನ್ ಸರ್ವೀಸ್. ಅದಕ್ಕೇ ಆಡಳಿತದಲ್ಲಿ ‘ಅನ್ಯ ಸೇವೆ’ ಎಂದು ಗೊತ್ತುಮಾಡಿದ್ದಾರೆ. ಸೇವಾ ವಹಿಯಲ್ಲಿ ‘ವಿದೇಶಿ ಸೇವೆ’ ಎಂದು ದಾಖಲಾದರೆ ನಿವೃತ್ತಿ ವಂತಿಗೆಯ ಲೆಕ್ಕ ಹಾಕುವಾಗ ಅದರ ತಲೆಬುಡ ಯಾರಿಗೂ ಗೊತ್ತಾಗುವುದಿಲ್ಲ.

ಪದಕೋಶದಲ್ಲಿ ಹಲವು ಪದಗಳಿದ್ದರೆ ಏನು ಮಾಡುವುದು ಎಂದು ಕೇಳಿದ್ದೀರಿ. ಮೊದಲು ಅವು ಪರ್ಯಾಯಗಳೋ, ಬೇರೆ ಬೇರೆ ಅರ್ಥಗಳೋ ಎಂದು ಬಿಡಿಸಿಕೊಳ್ಳಿ. ‘ಸ್ಯಾಂಕ್ಷನ್’ ಎದುರು ಮಂಜೂರಾತಿಯೂ ಇರಬಹುದು, ದಂಡನೆಯ ಅರ್ಥದ ಪದವೂ ಇರಬಹುದು. ಇವು ಅದಲುಬದಲು ಮಾಡುವ ಪದಗಳಲ್ಲ. ಬಹುಪಾಲು ನಿಘಂಟುಗಳಲ್ಲಿ ಪರ್ಯಾಯಗಳ ನಡುವೆ ಅಲ್ಪವಿರಾಮವೂ ಅರ್ಥ ಬದಲಾದಲ್ಲಿ ಅರ್ಧವಿರಾಮ ಅಥವಾ ಅಂಕಿಯೂ ಇರುತ್ತದೆ. ಆ ಪುಟ್ಟ ಚಿಹ್ನೆಯನ್ನು ನೋಡದೆ ಮೊದಲನೆಯದನ್ನು ಎತ್ತಿಕೊಳ್ಳುವುದರಿಂದಲೇ ಅರ್ಧ ತಪ್ಪುಗಳು ಆಗುವುದು. ನಿಮ್ಮ ಪದಕೋಶದ ಮುನ್ನುಡಿಯ ಬಳಿ ಬಳಕೆಯ ಸೂಚನೆ ಇದ್ದರೆ ಒಮ್ಮೆ ಓದಿಕೊಳ್ಳಿ.

ಅರ್ಥ ಒಂದೇ ಆಗಿ ಪರ್ಯಾಯಗಳು ಉಳಿದಾಗ, ಅವುಗಳಲ್ಲಿ ಬೇರೆ ಯಾವ ಕೆಲಸಕ್ಕೂ ಬಳಕೆಯಾಗದಿರುವ ಪದವನ್ನು ಆರಿಸಿ. ಇದಕ್ಕೆ ‘ಬಡ್ತಿ’ಗಿಂತ ಒಳ್ಳೆಯ ಉದಾಹರಣೆ ಇಲ್ಲ. ಪ್ರಮೋಷನ್ನಿಗೂ ಬಡ್ತಿ ಎನ್ನುತ್ತಾರೆ, ಇಂಕ್ರಿಮೆಂಟಿಗೆ ವೇತನ ಬಡ್ತಿ ಎನ್ನುತ್ತಾರೆ. ನಿಯಮ 8ರಲ್ಲಿ ಇಂಕ್ರಿಮೆಂಟ್ ತಡೆಯುವುದೂ ಒಂದು ದಂಡನೆ, ಪ್ರಮೋಷನ್ ತಡೆಯುವುದೂ ಒಂದು ದಂಡನೆ. ‘ಎರಡು ಬಡ್ತಿಗಳನ್ನು ತಡೆಹಿಡಿಯಲಾಗಿದೆ’ ಎಂಬ ಸಾಲನ್ನು ಲೆಕ್ಕ ಶಾಖೆಯವರು ಹೇಗೆ ಓದಬೇಕು? ಪ್ರಮೋಷನ್ನಿಗೆ ‘ಮುಂಬಡ್ತಿ’ ಅಥವಾ ‘ಪದೋನ್ನತಿ’ ಎರಡರಲ್ಲಿ ಒಂದನ್ನು ಹಿಡಿಯಿರಿ, ಇಂಕ್ರಿಮೆಂಟಿಗೆ ಯಾವಾಗಲೂ ‘ವಾರ್ಷಿಕ ವೇತನ ಬಡ್ತಿ’ ಎಂದು ಪೂರ್ತಿ ಬರೆಯಿರಿ. ಬರೀ ‘ಬಡ್ತಿ’ ಎಂಬ ಪದ ಆ ಆದೇಶದಲ್ಲಿ ಒಂದೇ ಒಂದು ಕಡೆಯೂ ಉಳಿಯಬಾರದು.

ವೇತನ ಬಡ್ತಿ ತಡೆಯುವ ವಾಕ್ಯದಲ್ಲಿ ಇನ್ನೊಂದು ಪದಕ್ಕೂ ತುಂಬ ಬೆಲೆ ಇದೆ: ‘ಸಂಚಿತ’. ವಾರ್ಷಿಕ ವೇತನ ಬಡ್ತಿಯನ್ನು ಸಂಚಿತ ಪರಿಣಾಮವಿಲ್ಲದೆ ತಡೆಹಿಡಿದರೆ, ತಡೆದ ಅವಧಿ ಮುಗಿದ ಮೇಲೆ ನೌಕರನ ವೇತನ ಮೊದಲು ಎಲ್ಲಿರಬೇಕಿತ್ತೋ ಅಲ್ಲಿಗೆ ಬರುತ್ತದೆ, ಆ ಅವಧಿಯ ಹಣವಷ್ಟೇ ಹೋಗುತ್ತದೆ. ಸಂಚಿತ ಪರಿಣಾಮದೊಂದಿಗೆ ತಡೆದರೆ ಆ ಬಡ್ತಿ ಶಾಶ್ವತವಾಗಿ ಹೋಯಿತು. ಲೆಕ್ಕಕ್ಕೆ ಸುಲಭವಾಗಲೆಂದು ಬಡ್ತಿ ತಿಂಗಳಿಗೆ 1,000 ರೂಪಾಯಿ ಎಂದಿಟ್ಟುಕೊಳ್ಳಿ. ಒಂದು ವರ್ಷ ತಡೆದಾಗ, ಸಂಚಿತ ಪರಿಣಾಮವಿಲ್ಲದಿದ್ದರೆ ನಷ್ಟ 12,000. ಸಂಚಿತ ಪರಿಣಾಮವಿದ್ದು 20 ವರ್ಷ ಸೇವೆ ಉಳಿದಿದ್ದರೆ 2,40,000. ತುಟ್ಟಿಭತ್ಯೆ ಮತ್ತು ಪಿಂಚಣಿಯಲ್ಲಿ ಆಗುವ ನಷ್ಟ ಇದರಲ್ಲಿ ಸೇರಿಲ್ಲ. ಸಂಚಿತ ಪರಿಣಾಮದೊಂದಿಗೆ ತಡೆಯುವುದು ಲಘು ದಂಡನೆಯಲ್ಲ, ಪೂರ್ಣ ವಿಚಾರಣೆ ನಡೆಸದೆ ಅದನ್ನು ವಿಧಿಸಲಾಗದು ಎಂದು ಸುಪ್ರೀಂ ಕೋರ್ಟು ಪಂಜಾಬಿನ ಕುಲವಂತ್ ಸಿಂಗ್ ಗಿಲ್ ಪ್ರಕರಣದಲ್ಲಿ ಹೇಳಿದೆ. ಆದ್ದರಿಂದ ಲಘು ದಂಡನೆಯ ಕ್ರಮವಾದ ನಿಯಮ 12ರಂತೆ ನಡೆದ ಕಡತದಲ್ಲಿ ‘ಸಂಚಿತ ಪರಿಣಾಮವಿಲ್ಲದೆ’ ಎಂಬುದನ್ನು ಟೈಪಿಸುವಾಗ ‘ವಿಲ್ಲದೆ’ ಬಿಟ್ಟುಹೋದರೆ ಆದೇಶವೇ ಬಿದ್ದುಹೋಗುವ ಅಪಾಯವಿದೆ. ಸಂಚಿತ ಪದಕ್ಕೆ ಬದಲಾಗಿ ‘ಒಟ್ಟು ಪರಿಣಾಮ’, ‘ಶೇಖರಿತ ಪರಿಣಾಮ’ ಎಂದು ಸ್ವಂತವಾಗಿ ಬರೆಯುವುದನ್ನೂ ನೋಡುತ್ತೇವೆ. ಅರ್ಥ ಹೊಳೆಯಬಹುದು, ಆದರೆ ಇಷ್ಟು ಹಣ ತೂಗುವ ಕಡೆ ಹೊಳೆಯುವುದು ಸಾಲದು.

ಹಾಗೆಂದು ಪದಕೋಶದ ಪದ ಸಿಕ್ಕಿದರೆ ಕೆಲಸ ಮುಗಿಯಿತು ಎಂದಲ್ಲ. ‘ಕಡ್ಡಾಯ ನಿವೃತ್ತಿ’ಯನ್ನು ನೋಡಿ. ಪದ ಸರಿಯಾಗಿದೆ, ಎಲ್ಲರೂ ಅದನ್ನೇ ಬಳಸುತ್ತಾರೆ. ಆದರೆ 1957ರ ನಿಯಮಗಳ ನಿಯಮ 8ರಲ್ಲಿ ಅದು ದಂಡನೆ. ಕರ್ನಾಟಕ ನಾಗರಿಕ ಸೇವಾ ನಿಯಮಗಳ ನಿಯಮ 285ರಂತೆ ಸಾರ್ವಜನಿಕ ಹಿತಾಸಕ್ತಿಯಲ್ಲಿ ನಿವೃತ್ತಿಗೊಳಿಸಿದರೆ ಅದು ದಂಡನೆಯಲ್ಲ. ಎರಡಕ್ಕೂ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಒಂದೇ ಹೆಸರು ನಡೆಯುತ್ತದೆ. ಇಲ್ಲಿ ಪದಕೋಶ ನೆರವಿಗೆ ಬಾರದು, ಪದದ ಪಕ್ಕದಲ್ಲೇ ನಿಯಮದ ಸಂಖ್ಯೆ ಬರೆಯುವುದೇ ದಾರಿ. ‘ಅಮಾನತು’ ಕೂಡ ಹೀಗೆಯೇ: ನಿಯಮ 10ರ ಅಮಾನತು ವಿಚಾರಣೆ ಬಾಕಿ ಇರುವಾಗಿನ ಕ್ರಮ, ನಿಯಮ 8ರ ದಂಡನೆಗಳಲ್ಲಿ ಅದಿಲ್ಲ. ‘ದಂಡನೆಯಾಗಿ ಅಮಾನತುಗೊಳಿಸಲಾಗಿದೆ’ ಎಂಬಲ್ಲಿ ಪ್ರತಿಯೊಂದು ಪದವೂ ಪದಕೋಶದ್ದೇ, ವಾಕ್ಯ ಮಾತ್ರ ನಿಯಮಕ್ಕೆ ವಿರುದ್ಧ.

ಪದಕೋಶ ಹಳೆಯದಾಗಿರುವುದು ಇನ್ನೊಂದು ತೊಡಕು, ಮುಖ್ಯವಾಗಿ ಹುದ್ದೆ ಮತ್ತು ಕಚೇರಿಗಳ ಹೆಸರಿನಲ್ಲಿ. ಶಾನುಭೋಗರು ಹೋಗಿ ಗ್ರಾಮ ಲೆಕ್ಕಿಗರು, ಗ್ರಾಮ ಲೆಕ್ಕಾಧಿಕಾರಿಗಳು ಬಂದರು, ಈಗ ಅದು ಗ್ರಾಮ ಆಡಳಿತ ಅಧಿಕಾರಿ. ಹೆಸರು ಬದಲಾದದ್ದು ಸರ್ಕಾರದ ಆದೇಶದಿಂದ, ಹಾಗಾಗಿ ಅಲ್ಲಿ ಆದೇಶವೇ ಪ್ರಮಾಣ. ಆದರೆ ಹಿಂದಿನ ಘಟನೆಯನ್ನು ಹೇಳುವಾಗ ಅಂದಿನ ಪದನಾಮವನ್ನೇ ಬರೆದು ‘ಅಂದಿನ’ ಎಂದು ಸೇರಿಸಿ. ಹಳೆಯ ದಾಖಲೆಯ ಹೆಸರನ್ನು ಇಂದಿನದಕ್ಕೆ ತಿದ್ದಿದರೆ ದಾಖಲೆ ಹುಡುಕುವವರಿಗೆ ಅದು ಸಿಗುವುದೇ ಇಲ್ಲ.

ನಿಮ್ಮ ಕರಡಿಗೆ ಮರಳೋಣ. ಬರೆಯಲು ಕೂರುವ ಮೊದಲು ಒಂದು ಹಾಳೆ ತೆಗೆದುಕೊಂಡು ಆದೇಶದಲ್ಲಿ ಬರುವ ಭಾರದ ಪದಗಳನ್ನಷ್ಟೇ ಬರೆಯಿರಿ. ಶಿಸ್ತು ಆದೇಶಕ್ಕೆ ಹತ್ತು ಹನ್ನೆರಡು ಇದ್ದಾವು: ಶಿಸ್ತು ಪ್ರಾಧಿಕಾರ, ವಿಚಾರಣಾಧಿಕಾರಿ, ಮಂಡನಾಧಿಕಾರಿ, ಆಪಾದಿತ ನೌಕರ, ದೋಷಾರೋಪಣಾ ಪಟ್ಟಿ, ಅಮಾನತು, ಜೀವನಾಧಾರ ಭತ್ಯೆ, ದಂಡನೆಯ ಹೆಸರು, ಇಂಥವು. ಒಂದೊಂದರ ಮುಂದೆ ಇಂಗ್ಲಿಷ್ ಮೂಲ, ಆರಿಸಿದ ಕನ್ನಡ ಪದ, ಅದನ್ನು ಎಲ್ಲಿಂದ ತೆಗೆದುಕೊಂಡಿರಿ ಎಂಬುದು: ನಿಯಮವೋ, ಯಾವ ಪದಕೋಶದ ಯಾವ ಮುದ್ರಣವೋ, ಯಾವ ಪುಟವೋ. ಈ ಹಾಳೆಯನ್ನು ಕಡತದ ಟಿಪ್ಪಣಿ ಭಾಗದಲ್ಲೇ ಇಡಿ. ಸಾಹೇಬರು ಪದ ಬದಲಿಸಿದರೆ ಅದೂ ಅಲ್ಲಿ ದಾಖಲಾಗಲಿ. ಆಮೇಲೆ ಕರಡು ಬರೆದು, ಹಾಳೆಯಲ್ಲಿರುವ ಪ್ರತಿ ಪದವನ್ನೂ ಕರಡಿನಲ್ಲಿ ಹುಡುಕಿ. ಪ್ರಸ್ತಾವನೆಯಲ್ಲಿ ‘ಆಪಾದಿತ ನೌಕರರು’, ಮೂರನೆಯ ಪುಟದಲ್ಲಿ ‘ಆರೋಪಿ’, ಆದೇಶ ಭಾಗದಲ್ಲಿ ‘ಸದರಿಯವರು’ ಎಂದಿದ್ದರೆ ಓದುವವರು ಮೂವರನ್ನು ಕಲ್ಪಿಸಿಕೊಳ್ಳಬಹುದು. ಮೇಲಾಗಿ ಆರೋಪಿ ಎಂಬುದು ಕ್ರಿಮಿನಲ್ ಮೊಕದ್ದಮೆಯ ಪದ. ಕತೆ ಬರೆಯುವಾಗ ಒಂದೇ ಪದ ಮತ್ತೆ ಮತ್ತೆ ಬಂದರೆ ಬೇಸರ, ಆದೇಶದಲ್ಲಿ ಅದೇ ಗುಣ.

ಪರದೆಯ ಮೇಲೆ ಹುಡುಕುವಾಗ ಎರಡು ಎಚ್ಚರ. padakanaja.karnataka.gov.in, bharatavani.in ಇಂಥ ತಾಣಗಳಲ್ಲಿ ಹಲವಾರು ನಿಘಂಟುಗಳು ಒಟ್ಟಿಗೆ ಇವೆ. ಹುಡುಕಿದಾಗ ಬರುವ ಪದ ಆಡಳಿತ ಪದಕೋಶದ್ದೋ, ಕೃಷಿ ಅಥವಾ ವಿಜ್ಞಾನದ ನಿಘಂಟಿನದ್ದೋ ಎಂದು ಮೂಲದ ಹೆಸರು ನೋಡಿಯೇ ತೆಗೆದುಕೊಳ್ಳಿ. ಸರ್ಕಾರಿ ತಾಣದಲ್ಲಿ ಸಿಕ್ಕಿತು ಎಂದ ಮಾತ್ರಕ್ಕೆ ಅದು ಆಡಳಿತದ ಪದವಾಗುವುದಿಲ್ಲ. ಎರಡನೆಯದು ಅಕ್ಷರದ ತೊಡಕು. ಹಳೆಯ ಪಿಡಿಎಫ್‌ಗಳು ಯೂನಿಕೋಡ್ ಅಲ್ಲದ ನುಡಿ ಅಥವಾ ಬರಹ ಅಕ್ಷರಗಳಲ್ಲಿ ಇರುತ್ತವೆ. ಕಣ್ಣಿಗೆ ಕನ್ನಡವೇ ಕಂಡರೂ ಒಳಗಿರುವುದು ರೋಮನ್ ಅಕ್ಷರಗಳ ಗೋಜಲು, ಹುಡುಕಿದರೆ ‘ಸಿಗಲಿಲ್ಲ’ ಎಂದೇ ಬರುತ್ತದೆ. ಅದರಿಂದ ಒಂದು ಸಾಲು ನಕಲು ಮಾಡಿ ಬೇರೆ ಕಡೆ ಅಂಟಿಸಿ ನೋಡಿ, ಗೋಜಲು ಬಂದರೆ ಪುಟ ತಿರುವಿಯೇ ಹುಡುಕಬೇಕು. ಯೂನಿಕೋಡ್ ಪ್ರತಿ ಸಿಕ್ಕಿದರೆ ಆರಿಸಿದ ಕನ್ನಡ ಪದವನ್ನೇ ಒಮ್ಮೆ ಹುಡುಕಿ, ಅದು ಇನ್ನೆಷ್ಟು ಇಂಗ್ಲಿಷ್ ಪದಗಳ ಎದುರು ಬರುತ್ತದೆ ನೋಡಿ. ‘ಬಿಡುಗಡೆ’ಯನ್ನು ಹೀಗೆ ಹುಡುಕಿ ನೋಡಿದರೆ ನಿಮ್ಮ ಸಹೋದ್ಯೋಗಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ನಿಮ್ಮ ಆದೇಶ ಭಾಗದ ಮುಖ್ಯ ಸಾಲು ಹೀಗಿರಲಿ: ‘ಕರ್ನಾಟಕ ನಾಗರಿಕ ಸೇವಾ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳು, 1957ರ ನಿಯಮ 8ರ …ನೇ ಖಂಡದ ಮೇರೆಗೆ, ಆಪಾದಿತ ನೌಕರರಾದ ಶ್ರೀ … ಇವರನ್ನು ಸರ್ಕಾರಿ ಸೇವೆಯಿಂದ ತೆಗೆದುಹಾಕಲಾಗಿದೆ. ಇದು ಅವರ ಮುಂದಿನ ಸರ್ಕಾರಿ ಉದ್ಯೋಗಕ್ಕೆ ಅನರ್ಹತೆಯಾಗತಕ್ಕದ್ದಲ್ಲ.’ ಖಂಡದ ಸಂಖ್ಯೆಯನ್ನು ತಿದ್ದುಪಡಿಗಳೊಂದಿಗಿನ ಈಗಿನ ಪಾಠ ನೋಡಿಯೇ ತುಂಬಿ, ಹಳೆಯ ಕಡತದಿಂದಲ್ಲ. ಯಾವ ದಿನದಿಂದ ಎಂಬುದನ್ನು ಬರೆಯುವಾಗ ‘ಆದೇಶ ಜಾರಿಯಾದ ದಿನದಿಂದ’ ಎನ್ನಬೇಡಿ. ಹೊರಡಿಸುವುದಕ್ಕೂ ಜಾರಿ, ಕೈಗೆ ಮುಟ್ಟಿಸುವುದಕ್ಕೂ ಜಾರಿ, ಅನುಷ್ಠಾನಕ್ಕೆ ಬರುವುದಕ್ಕೂ ಜಾರಿ. ಸಾಹೇಬರ ತೀರ್ಮಾನ ಏನೆಂದು ಕೇಳಿಕೊಂಡು, ‘ಈ ಆದೇಶದ ದಿನಾಂಕದಿಂದ’ ಅಥವಾ ‘ಈ ಆದೇಶದ ಪ್ರತಿ ನೌಕರರಿಗೆ ತಲುಪಿದ ದಿನಾಂಕದಿಂದ’ ಎಂದು ಬಿಡಿಸಿ ಬರೆಯಿರಿ.